18, 19 ನೈಟ್ ಯಾರಾದ್ರೂ ತಗೋತೀರಾ

"ಮುಂದಿನ ವಾರದ ಡ್ಯೂಟಿ ಲಿಸ್ಟ್ ಹಾಕಿದೀನಿ, ಚೇಂಜ್ ಬೇಕಾದೋರು ಯಾರ ಜೊತೆ ಅಂತ ನೀವೇ ಮಾತಾಡ್ಕೊಂಡು ಇವತ್ತೇ ಹೇಳಿ."

ಸಿಸ್ಟರ್, ನಂಗೆ ಬೇಕು, ಟೈಪ್ ಮಾಡಿದ್ರೆ ಉದ್ದ ಆಗತ್ತೆ ಅಂತ ಮಾತಾಡ್ತಿದೀನಿ, ಎಲ್ರೂ ಸ್ವಲ್ಪ ಕೇಳಿಸ್ಕೊಳ್ಳಿ. ನಂಗೆ 18 ಶುಕ್ರವಾರ, 19 ಶನಿವಾರ ನೈಟ್ ಬಿದ್ದಿದೆ, ರಾತ್ರಿ 8ರಿಂದ ಬೆಳಿಗ್ಗೆ 8, ಭಾನುವಾರ ನೈಟ್ ಆಫ್. 18ಕ್ಕೆ ಮಧ್ಯಾಹ್ನ ಮೂರೂವರೆಗೆ ಅಮ್ಮಂದು ಪೊರೆ ಆಪರೇಷನ್. ಹಗಲೊತ್ತು ತಮ್ಮ ನೋಡ್ಕೋತಾನೆ, ರಾತ್ರಿ ಅವನಿಗೆ ಫ್ಯಾಕ್ಟರಿ. ಅಮ್ಮ ನಿದ್ದೆಗಣ್ಣಲ್ಲಿ ಕಣ್ಣುಜ್ಜೋ ಪೈಕಿ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಟೇಪ್ ಅಂಟಿಸಿದ್ರೂ ಕಿತ್ತು ದಿಂಬಿನ ಕೆಳಗೆ ಇಟ್ಬಿಡ್ತಾರೆ, ಹೋದ್ಸಲ ಇನ್ನೊಂದು ಕಣ್ಣಿಗೆ ಹಂಗೇ ಮಾಡಿದ್ರು. ಹಾಗಾಗಿ ಆ ಎರಡು ರಾತ್ರಿ ನಾನು ಪಕ್ಕದಲ್ಲಿ ಇರ್ಲೇಬೇಕು.

18, 19, 20 ಮೂರೂ ದಿನ ಮಾರ್ನಿಂಗ್ ಇರೋರು ಯಾರಾದ್ರೂ ನನ್ನ ಎರಡು ನೈಟ್ ತಗೊಂಡ್ರೆ ನಿಮ್ಮ ಮೂರು ಮಾರ್ನಿಂಗ್ ನಂದು, ಭಾನುವಾರದ ನೈಟ್ ಆಫ್ ನಿಮ್ದು. ಆದ್ರೆ ಲೆಕ್ಕ ಹಾಕಿದ್ರೆ ನೀವು ಮಾಡೋದು 24 ಗಂಟೆ, ನಾನು ಮಾಡೋದು ಬೆಳಿಗ್ಗೆ 8ರಿಂದ 2ರ ತನಕ ಮೂರು ದಿನ, 18 ಗಂಟೆ. ಆರು ಗಂಟೆ ಬಾಕಿ ಉಳೀತಲ್ಲ, ಅದಕ್ಕೆ ಆಯುಧಪೂಜೆ ದಿನ ನಿಮಗೆ ಆಫ್ಟರ್‌ನೂನ್ ಬಿದ್ರೆ ನಾನ್ ಬರ್ತೀನಿ, ಇಲ್ಲಾಂದ್ರೆ ನೀವು ಹೇಳಿದ್ ದಿನ. ನೈಟ್ ಅಲೋಯೆನ್ಸೂ ಮಾಡಿದೋರಿಗೇ ಬರ್ಬೇಕು, ಅದ್ರಲ್ಲಿ ನಂದೇನಿಲ್ಲ.

18ಕ್ಕೆ ಆಫ್ಟರ್‌ನೂನ್ ಇರೋರು ದಯವಿಟ್ಟು ಪಾಪ ಅಂತ ಒಪ್ಕೋಬೇಡಿ, ಮಧ್ಯಾಹ್ನ 2ಕ್ಕೆ ಬಂದೋರು ಮಾರನೇ ದಿನ 8ಕ್ಕೆ ಹೋಗೋದು ಅಂದ್ರೆ 18 ಗಂಟೆ ನಿಂತಂಗೆ, ಬೆಳಗಿನ ಜಾವ ನಾಕು ಗಂಟೆಗೆ ಇಂಜೆಕ್ಷನ್ ಲೋಡ್ ಮಾಡುವಾಗ ಕಣ್ಣು ಮಂಜಾಗತ್ತೆ, ನಂಗೆ ಗೊತ್ತು. ಇನ್ನೊಂದು, ಆ ಎರಡು ರಾತ್ರಿ ನನ್ನ ಜೊತೆಗಿರೋದು ಎರಡು ತಿಂಗಳ ಹಿಂದೆ ಸೇರಿದ ಹುಡುಗಿ, ಇಬ್ರೂ ಹೊಸಬ್ರಾದ್ರೆ ಇನ್‌ಚಾರ್ಜ್ ಸಿಸ್ಟರ್ ಒಪ್ಪಲ್ಲ, ಒಪ್ಪಲೂಬಾರ್ದು. ಧಾರವಾಡದ ಅಕ್ಕ, ನಿಮಗೆ ಮೂರೂ ಮಾರ್ನಿಂಗೇ ಇದೆ, ಅದಕ್ಕೇ ಮೊದ್ಲು ನಿಮ್ಮನ್ನೇ ಕೇಳ್ತಿದೀನಿ, ಆಗಲ್ಲ ಅಂದ್ರೂ ಬೇಜಾರಿಲ್ಲ ಅಕ್ಕ.

ಯಾರೇ ಒಪ್ಕೊಂಡ್ರೂ 16ರ ಒಳಗೆ ಡ್ಯೂಟಿ ಚೇಂಜ್ ಬುಕ್ಕಲ್ಲಿ ಬರ್ದು ಇಬ್ರೂ ಸೈನ್ ಹಾಕಿ ಸಿಸ್ಟರ್ ಸೈನೂ ತಗೊಳೋಣ. ಮುಂಚೆ ಇದ್ದ ಕಡೆ ಬರೀ ಫೋನಲ್ಲಿ ಮಾತಾಡ್ಕೊಂಡು ಬದಲಾಯಿಸ್ಕೊಂಡಿದ್ವಿ, ಬೆರಳೊತ್ತೋ ಮೆಷಿನಲ್ಲಿ ನಂಗೆ ಆಬ್ಸೆಂಟ್ ಬಿತ್ತು, ನನ್ನ ಬದ್ಲು ಬಂದೋಳ ಡ್ಯೂಟಿ ಲೆಕ್ಕಕ್ಕೇ ಬರ್ಲಿಲ್ಲ, ನಂಗೆ ಒಂದಿನದ ಸಂಬಳ ಹೋಯ್ತು, ಅವಳಿಗೆ ನಿದ್ದೆ ಹೋಯ್ತು. ಮಧ್ಯಾಹ್ನದ ಹ್ಯಾಂಡೋವರ್ ಮುಗಿಸ್ಕೊಂಡು ಎರಡೂವರೆ ಮೇಲೆ ಫೋನ್ ನೋಡ್ತೀನಿ, ಹೂಂ ಅಂತ ಒಂದು ಮೆಸೇಜ್ ಹಾಕಿದ್ರೆ ಸಾಕು.