ಹತ್ತು ವರ್ಷಗಳ ಪ್ರವಾಸ ಮತ್ತು ವಿಳಾಸ: ಮೊಹರಿಲ್ಲದ ದಿನಾಂಕಗಳನ್ನು ಹೊಂದಿಸುವ ಬಗೆ

ಪ್ರಶ್ನೆ (ಜಯನಗರ): ಕೆನಡಾದ ಕಾಯಂ ವಾಸದ ಅರ್ಜಿಯಲ್ಲಿ ಹತ್ತು ವರ್ಷಗಳ ಎಲ್ಲ ವಿದೇಶ ಪ್ರವಾಸಗಳನ್ನೂ ವಾಸವಿದ್ದ ವಿಳಾಸಗಳನ್ನೂ ಕೇಳಿದ್ದಾರೆ. ಕೆಲವು ಮೊಹರುಗಳು ಮಾಸಿವೆ, ನೇಪಾಳ ಯಾತ್ರೆಗೆ ಮೊಹರೇ ಇಲ್ಲ. ಬಾಡಿಗೆ ಮನೆಗಳನ್ನೂ ಹಲವು ಬಾರಿ ಬದಲಿಸಿದ್ದೇನೆ. ಎಲ್ಲಿಂದ ಆರಂಭಿಸಬೇಕು?

ಒಬ್ಬ ಸದಸ್ಯರು: ಐದು ವರ್ಷ ಬರೆದರೆ ಸಾಕು. ನಮ್ಮ ತಾಯಿಯವರ ಅಮೆರಿಕ ವೀಸಾಕ್ಕೆ ಅಷ್ಟನ್ನೇ ಕೇಳಿದ್ದರು. ವಿಳಾಸಕ್ಕೆ ಆಧಾರ್ ಇದ್ದೇ ಇದೆಯಲ್ಲ.

ವೀಸಾ ಸಲಹೆಗಾರರು (ಮಲ್ಲೇಶ್ವರ): ಐದು ವರ್ಷವೆಂಬುದು ಅಮೆರಿಕದ DS-160ಕ್ಕೆ ಸರಿ, ಈ ಅರ್ಜಿಗೆ ಸಲ್ಲದು. ಆಧಾರ್ ಕೂಡ ನೀವು ವಿಳಾಸ ತಿದ್ದಿಸಿದ ದಿನವನ್ನು ತಿಳಿಸೀತೇ ಹೊರತು ಮನೆ ಹೊಕ್ಕ ದಿನವನ್ನಲ್ಲ.

ಮೊದಲು ತಿಂಗಳಿಗೊಂದು ಸಾಲಿನಂತೆ 120 ಸಾಲುಗಳ ಹಾಳೆಯೊಂದನ್ನು ಮಾಡಿ, ವಿಳಾಸ, ಕೆಲಸ ಅಥವಾ ಓದು, ಪ್ರವಾಸ ಎಂಬ ಮೂರು ಕಲಮುಗಳನ್ನು ಇಡಿ. ವಿಳಾಸದ ಕಲಮನ್ನೇ ಮೊದಲು ತುಂಬಿಸಿ, ಏಕೆಂದರೆ ಅಲ್ಲಿ ಒಂದು ತಿಂಗಳೂ ಖಾಲಿ ಇರಬಾರದು. ಬೆಂಗಳೂರಿನ ಹನ್ನೊಂದು ತಿಂಗಳ ಕರಾರು ಪತ್ರಗಳನ್ನು ಮಾತ್ರ ನಂಬಿದರೆ, ನವೀಕರಿಸದೆ ಮುಂದುವರಿದ ತಿಂಗಳುಗಳೂ, ಒಂದು ಮನೆ ಬಿಟ್ಟು ಇನ್ನೊಂದು ಸಿಗುವವರೆಗೆ ಅಕ್ಕನ ಮನೆಯಲ್ಲೋ ಪಿ.ಜಿ.ಯಲ್ಲೋ ಉಳಿದ ತಿಂಗಳುಗಳೂ ತಪ್ಪಿಹೋಗುತ್ತವೆ. ಅಡ್ವಾನ್ಸ್ ಕೊಟ್ಟ ಮತ್ತು ಮರಳಿ ಪಡೆದ ದಿನಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಿದರೆ ನಿಜವಾದ ತಿಂಗಳುಗಳು ಹತ್ತಿರಕ್ಕೆ ಬರುತ್ತವೆ.

ಪ್ರವಾಸಕ್ಕೆ ಹಳೆಯ ಪಾಸ್‌ಪೋರ್ಟ್‌ಗಳನ್ನೂ ತೆಗೆದುಕೊಂಡು ಪ್ರತಿ ಮೊಹರನ್ನು ಟಿಕೆಟ್‌ನೊಡನೆ ಹೋಲಿಸಿ. ಮಾರ್ಚ್ 14ರ ರಾತ್ರಿ ಕೆಂಪೇಗೌಡ ನಿಲ್ದಾಣದಲ್ಲಿ ಇಮಿಗ್ರೇಷನ್ ದಾಟಿ ನಸುಕಿನಲ್ಲಿ ದುಬೈಗೆ ಇಳಿದವರಿಗೆ ಹೊರಟದ್ದು 14, ತಲುಪಿದ್ದು 15 ಆಗುತ್ತದೆ. ಆ ದೇಶದಲ್ಲಿದ್ದ ದಿನಗಳನ್ನೇ ನಾನು ಬರೆಸುತ್ತೇನೆ. ಮೊಹರು ಮಾಸಿದ್ದರೆ ಜಿಮೇಲ್‌ನಲ್ಲಿ, ಉದಾಹರಣೆಗೆ 2018ರ ಪ್ರವಾಸಕ್ಕಾದರೆ, ಹೀಗೆ ಹುಡುಕಿ:

```
(itinerary OR "e-ticket") after:2018/01/01 before:2019/01/01
```

ಸಿಕ್ಕ ಟಿಕೆಟ್ ರದ್ದಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಇನ್ನೊಬ್ಬ ಸದಸ್ಯರು: ಭಾರತದಿಂದ ಹೊರಟ ದಿನವನ್ನೇ ನಾನು ಬರೆದಿದ್ದೆ, ಯಾರೂ ಆಕ್ಷೇಪಿಸಲಿಲ್ಲ. ನಾವು ಗೋರಖಪುರದಿಂದ ಸೋನೌಲಿ ದಾಟಿ ಪಶುಪತಿನಾಥನ ದರ್ಶನಕ್ಕೆ ಹೋದದ್ದನ್ನು ಮಾತ್ರ ಬಿಟ್ಟಿದ್ದೆವು. ಗುರುತಿನ ಚೀಟಿಯಲ್ಲೇ ಹೋಗಿಬಂದದ್ದೂ ವಿದೇಶ ಪ್ರವಾಸವೇ?

ಸಲಹೆಗಾರರು: ಹೌದು, ನೇಪಾಳ, ಭೂತಾನಗಳಿಗೆ ಪಾಸ್‌ಪೋರ್ಟ್ ಇಲ್ಲದೆ ಹೋಗಿದ್ದರೂ ಬರೆಯಬೇಕು. ರೈಲು ಟಿಕೆಟ್, ಹೋಟೆಲ್ ರಸೀದಿ, ಫೋನಿನ ಫೋಟೋಗಳ ದಿನಾಂಕ ಇವುಗಳಿಂದ ಅವಧಿ ಹೊಂದಿಸಿ, ಆದರೂ ದಿನ ನಿಖರವಾಗದಿದ್ದರೆ ಅದು ಅಂದಾಜೆಂದು ವಿವರಣಾ ಪತ್ರದಲ್ಲಿ ತಿಳಿಸಿ. ಹೊರಟ ದಿನ ಬರೆಯುವುದಾದರೆ ಎಲ್ಲ ಸಾಲುಗಳಲ್ಲೂ ಹಾಗೆಯೇ ಬರೆಯಿರಿ. ಬೆರೆಸಿದಾಗಲೇ ಒಂದೇ ದಿನ ಎರಡು ದೇಶಗಳ ಲೆಕ್ಕಕ್ಕೆ ಸೇರಿಬಿಡುತ್ತದೆ.

ಪ್ರಶ್ನೆ ಕೇಳಿದವರು: ಹಳೆಯ ಪಾಸ್‌ಪೋರ್ಟ್ ಒಂದು ಕಳೆದುಹೋಗಿದೆ. ಅದರಲ್ಲಿ ಅಮೆರಿಕ ಮತ್ತು ಥಾಯ್ಲೆಂಡ್ ಪ್ರವಾಸಗಳಿದ್ದವು.

ಸಲಹೆಗಾರರು: ಅಮೆರಿಕದ್ದಕ್ಕೆ i94.cbp.dhs.gov ತಾಣದಲ್ಲಿ ಆ ಹಳೆಯ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ನೋಡಿ, ಬಂದುಹೋದ ದಿನಾಂಕಗಳು ಸಿಗಬಹುದು. ಥಾಯ್ಲೆಂಡಿಗೆ ಇಮೇಲ್ ಮತ್ತು ಕಾರ್ಡ್ ಸ್ಟೇಟ್‌ಮೆಂಟ್ ಹುಡುಕಿ, ಸಿಕ್ಕಿದ್ದನ್ನು ಇಲ್ಲಿ ತಿಳಿಸಿ.