ಮೀಟರಿಂಗ್ ಸಿಟಿಯ ‘ಬರ್ಡನ್’ಗೆ ‘ಹೊರೆ’ ಎನ್ನಬಹುದೇ?

ಮಾನ್ಯರೆ,

ಸಬ್‌ಸ್ಟೇಷನ್ನಿನ ಮೀಟರಿಂಗ್ ಸರ್ಕ್ಯೂಟನ್ನು ಪರೀಕ್ಷಿಸುವ ಬಗೆಯನ್ನು ಕುರಿತು ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಸ್ಟೇಷನ್ ಸಿಬ್ಬಂದಿಗೂ ಉಪಯೋಗವಾಗುವ ಕೈಪಿಡಿಯೊಂದನ್ನು ಶಿವಮೊಗ್ಗದಲ್ಲಿ ಬರೆಯುತ್ತಿದ್ದೇನೆ. ಕರೆಂಟ್ ಟ್ರಾನ್ಸ್‌ಫಾರ್ಮರನ್ನು ಎಲ್ಲರೂ ಸಿಟಿ ಎಂದೇ ಕರೆಯುವುದರಿಂದ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತೊಡಕಾಗಿರುವುದು ‘ಬರ್ಡನ್’ ಮತ್ತು ‘ರೇಷಿಯೋ ಎರರ್’ ಎಂಬ ಎರಡು ಮಾತುಗಳಲ್ಲಿ. ಬರ್ಡನ್ ಎಂದರೆ ಸಿಟಿಯ ದ್ವಿತೀಯಕಕ್ಕೆ ಜೋಡಿಸಿದ ಮೀಟರು, ತಂತಿಗಳೆಲ್ಲ ಸೇರಿ ಅದರಿಂದ ತೆಗೆದುಕೊಳ್ಳುವ ವೋಲ್ಟ್-ಆಂಪಿಯರ್, ಅಂದರೆ ವಿಎ. ಕರಡಿನಲ್ಲಿ ಇವಕ್ಕೆ ‘ಹೊರೆ’, ‘ಅನುಪಾತ ದೋಷ’ ಎಂದು ಹಾಕಿ, “ಹೊರೆ ಹೆಚ್ಚಿದಂತೆ ಅನುಪಾತ ದೋಷವೂ ಹೆಚ್ಚುತ್ತದೆ” ಎಂಬ ವಾಕ್ಯವನ್ನು ಮೂವರಿಗೆ ಓದಲು ಕೊಟ್ಟೆ. ಮೂವರೂ ಅದಕ್ಕೆ ಬೇರೆ ಬೇರೆ ಅರ್ಥ ಹೇಳಿದ್ದರಿಂದ ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಸ್ಟೇಷನ್ ಒಂದರಲ್ಲಿ ಆಪರೇಟರ್ ಆಗಿರುವ ಯುವಕರು ಹೊರೆ ಎಂದರೆ ಫೀಡರಿನ ಲೋಡ್ ಎಂದು ಓದಿಕೊಂಡರು. ಅವರು ಹಾಗೆ ಓದಿಕೊಂಡದ್ದು ಸಹಜವೇ ಆಗಿದೆ; ಲೋಡ್ ಶೆಡ್ಡಿಂಗಿಗೆ ‘ಹೊರೆ ಕಡಿತ’ ಎನ್ನುವವರಿದ್ದಾರೆ. ಆದರೆ ಲೋಡ್ ಎಂಬ ಅರ್ಥದಲ್ಲಿ ನನ್ನ ವಾಕ್ಯವು ಪೂರ್ತಿ ತಲೆಕೆಳಗಾಗುತ್ತದೆ. ಭಾರತೀಯ ಮಾನಕದ ಪ್ರಕಾರ 0.5 ನಿಖರತಾ ವರ್ಗದ ಸಿಟಿಗೆ ಪೂರ್ಣ ಕರೆಂಟಿನಲ್ಲಿ ಅನುಮತಿಸಿರುವ ವ್ಯತ್ಯಾಸ ಶೇಕಡಾ 0.5, ಕರೆಂಟು ಶೇಕಡಾ 20ಕ್ಕೆ ಇಳಿದಾಗ ಅದು 0.75, ಶೇಕಡಾ 5ಕ್ಕೆ ಇಳಿದಾಗ 1.5. ಅಂದರೆ ಲೋಡ್ ಕಡಿಮೆಯಾದಷ್ಟೂ ವ್ಯತ್ಯಾಸಕ್ಕೆ ಹೆಚ್ಚು ಅವಕಾಶ. ನಮ್ಮ ಮಲೆನಾಡಿನಲ್ಲಿ ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪ್‌ಸೆಟ್‌ಗಳಿಂದ ತುಂಬಿ ಹರಿಯುವ ಫೀಡರು, ಜೂನ್ ಕಳೆದು ಮಳೆ ಹಿಡಿದ ಮೇಲೆ ಸಿಟಿಯ ರೇಟಿಂಗಿನ ಸಣ್ಣ ಪಾಲನ್ನು ಮಾತ್ರ ಹೊರುತ್ತದೆ. ಹೊರೆ ಇಳಿದು ದೋಷ ಏರುವ ಕಾಲ ಅದು. ಬರ್ಡನ್ನಿನ ಅರ್ಥದಲ್ಲಿ ಓದಿದರೆ ನನ್ನ ವಾಕ್ಯ ಹೇಳುವುದು ಇದಕ್ಕೆ ನೇರ ವಿರುದ್ಧವಾದುದನ್ನು, ಮತ್ತು ಎರಡೂ ನಿಜ.

ಎರಡನೆಯವರು ಭದ್ರಾವತಿ ಹತ್ತಿರದ ಅಕ್ಕಿ ಗಿರಣಿಯೊಂದರ ಮಾಲೀಕರು. ಅವರು ‘ದೋಷ’ ಎಂಬ ಪದದ ಮೇಲೆಯೇ ನಿಂತರು. “ದೋಷ ಅಂತ ನೀವೇ ಬರೆದ ಮೇಲೆ ಆ ಸಿಟಿ ಕೆಟ್ಟಿದೆ ಅಂತಲೇ ಅಲ್ವಾ ಮಾರಾಯ್ರೆ? ಕೆಟ್ಟ ಸಿಟಿ ಇಟ್ಟುಕೊಂಡು ನಮಗೆ ಬಿಲ್ಲು ಯಾಕೆ?” ಎಂದು ಕೇಳಿದವರು, ತಮ್ಮ ಗಿರಣಿಯಲ್ಲಿ ಸಿಟಿಯ ಅನುಪಾತವನ್ನು ಬದಲಿಸಿದಾಗ ಬಿಲ್ಲಿನ ಗುಣಕವನ್ನು ಬದಲಿಸದೆ ಬಿಟ್ಟು, ಬಳಕೆ ದುಪ್ಪಟ್ಟಾಗಿ ಕಂಡ ಕಥೆಯನ್ನು ವಿವರವಾಗಿ ಹೇಳಿದರು. ಅದು ಲೆಕ್ಕದಲ್ಲಾದ ತಪ್ಪು; ನಾನು ಕೇಳುತ್ತಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಪದದ ಬಗ್ಗೆ ಅವರ ಆಕ್ಷೇಪಣೆಯಲ್ಲಿ ಹುರುಳಿದೆ. ರೇಷಿಯೋ ಎರರ್ ಎಲ್ಲ ಸಿಟಿಗಳಲ್ಲಿಯೂ ಇರುತ್ತದೆ. ದ್ವಿತೀಯಕದ ಕರೆಂಟನ್ನು ಫಲಕದ ಮೇಲಿನ ಅನುಪಾತದಿಂದ ಗುಣಿಸಿದಾಗ ಬರುವುದಕ್ಕೂ ಪ್ರಾಥಮಿಕದಲ್ಲಿ ನಿಜವಾಗಿ ಹರಿದದ್ದಕ್ಕೂ ಇರುವ ಅಂತರವೇ ಅದು. ಗುಣಿಸಿ ಬಂದದ್ದು ಕಡಿಮೆಯಿದ್ದರೆ ಋಣ, ಹೆಚ್ಚಿದ್ದರೆ ಧನ. ಇದಕ್ಕೆ ‘ಅನುಪಾತ ವ್ಯತ್ಯಾಸ’ ಎಂದು ಹಾಕಿ, ‘ದೋಷ’ವನ್ನು ಕೆಟ್ಟುಹೋದ ಸಿಟಿಗೆ ಬಿಡುವುದು ಲೇಸೆಂದು ನನಗೆ ತೋರುತ್ತದೆ.

ಮೂರನೆಯವರು ಮೀಟರ್ ಪರೀಕ್ಷಾ ವಿಭಾಗದಿಂದ ನಿವೃತ್ತರಾದ ಹಿರಿಯ ಇಂಜಿನಿಯರ್. ವಾಕ್ಯವನ್ನು ಸರಿಯಾದ ಅರ್ಥದಲ್ಲಿ ಓದಿದವರು ಅವರೊಬ್ಬರೇ. ಆದರೂ “ಇದು ಅರ್ಧ ಮಾತ್ರ” ಎಂದರು. ಅವರು ತಾವು ನೋಡಿದ 11 ಕೆವಿ ಫೀಡರ್ ಒಂದರ ಲೆಕ್ಕವನ್ನು ಮುಂದಿಟ್ಟರು. ಕೈಪಿಡಿಯಲ್ಲಿ ಉದಾಹರಣೆಯಾಗಿ ಸೇರುವುದು ಅದೇ ಆದ್ದರಿಂದ ಇಲ್ಲಿಯೂ ವಿವರಿಸುತ್ತೇನೆ.

ಸಿಟಿ 200/5, ವರ್ಗ 0.5, ಬರ್ಡನ್ 15 ವಿಎ ಎಂದು ಫಲಕದಲ್ಲಿತ್ತು. ಸಿಟಿ ಇರುವುದು ಯಾರ್ಡಿನಲ್ಲಿ, ಮೀಟರ್ ಇರುವುದು ಕಂಟ್ರೋಲ್ ರೂಮಿನಲ್ಲಿ, ನಡುವೆ ಕೇಬಲ್ಲಿನ ದಾರಿ ಸುಮಾರು 60 ಮೀಟರ್. ಪ್ರತಿ ಫೇಸಿಗೂ ಹೋಗುವ ತಂತಿ, ಬರುವ ತಂತಿ ಪ್ರತ್ಯೇಕವಾಗಿದ್ದು, ಎಲ್ಲವೂ 2.5 ಚದರ ಮಿಲಿಮೀಟರಿನ ತಾಮ್ರ. ಇಂಥ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್ ಪ್ರತಿರೋಧ ಇರುವುದರಿಂದ, ಹೋಗಿ ಬರುವ 120 ಮೀಟರಿಗೆ 0.89 ಓಮ್ ಆಗುತ್ತದೆ. 15 ವಿಎ ಎಂಬುದನ್ನು 5 ಆಂಪಿಯರಿನ ವರ್ಗದಿಂದ, ಅಂದರೆ 25ರಿಂದ, ಭಾಗಿಸಿದರೆ ಸಿಟಿ ತಾಳಬಲ್ಲದ್ದು 0.6 ಓಮ್ ಮಾತ್ರ. ಮೀಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲೇ, ಬರೀ ತಂತಿಯೇ ಮಿತಿಯನ್ನು ದಾಟಿತ್ತು.

ಇದನ್ನು ಅವರು ಅಳೆದು ಖಚಿತಪಡಿಸಿಕೊಂಡ ಕ್ರಮವೂ ಸರಳವಾಗಿದೆ. ಫೀಡರ್ ಚಾಲನೆಯಲ್ಲಿದ್ದಾಗಲೇ, ಏನನ್ನೂ ಬಿಚ್ಚದೆ, ಯಾರ್ಡಿನ ಮಾರ್ಷಲಿಂಗ್ ಬಾಕ್ಸಿನಲ್ಲಿ ಸಿಟಿಯ ದ್ವಿತೀಯಕದ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆಯುವುದು. ಅದೇ ತಂತಿಯ ಕರೆಂಟನ್ನು ಕ್ಲ್ಯಾಂಪ್ ಮೀಟರಿನಿಂದ ನೋಡುವುದು. 3 ಆಂಪಿಯರ್ ಹರಿಯುವಾಗ 2.8 ವೋಲ್ಟ್ ಬಂದಿತ್ತು. ಅಂದರೆ 0.93 ಓಮ್, ಪೂರ್ಣ 5 ಆಂಪಿಯರಿನಲ್ಲಿ ಸುಮಾರು 23 ವಿಎ. ತಂತಿಯ 0.89ನ್ನು ಕಳೆದರೆ ಮೀಟರಿಗೂ ಟರ್ಮಿನಲ್ಲುಗಳಿಗೂ ಸೇರಿ ಉಳಿಯುವುದು 0.04 ಮಾತ್ರ. ಈ ಲೆಕ್ಕ ಹೊಂದದೆ ಹೆಚ್ಚು ಉಳಿದಿದ್ದರೆ ಸಡಿಲ ಅಥವಾ ಕಿಲುಬು ಹಿಡಿದ ಟರ್ಮಿನಲ್ಲನ್ನು ಹುಡುಕಬೇಕಾಗಿತ್ತು ಎಂದರು. ಆಗುಂಬೆ ಕಡೆಯ ಮಳೆಯಲ್ಲಿ ಬಾಕ್ಸಿನೊಳಗೆ ಪಸೆ ಹಿಡಿಯುವುದು ಅಪರೂಪವಲ್ಲ.

ಬರ್ಡನ್ ಅಳೆಯಲು ಕ್ಲ್ಯಾಂಪ್ ಮೀಟರ್ ಸಾಕು. ಆದರೆ ಅನುಪಾತದ ವ್ಯತ್ಯಾಸಕ್ಕೆ ಅದು ಸಾಲದು, ಏಕೆಂದರೆ ನಾವು ಹುಡುಕುತ್ತಿರುವುದು ಶೇಕಡಾ ಅರ್ಧದಷ್ಟು ಅಂತರವನ್ನು, ಮತ್ತು ಸಾಮಾನ್ಯ ಕ್ಲ್ಯಾಂಪಿನ ಸ್ವಂತ ತಪ್ಪೇ ಶೇಕಡಾ 1ಕ್ಕಿಂತ ಹೆಚ್ಚಿರಬಹುದು. ಹಾಗಾಗಿ ಲೈನ್ ಕ್ಲಿಯರ್ ಪಡೆದು, ಪ್ರಾಥಮಿಕಕ್ಕೆ ಕರೆಂಟ್ ಹರಿಸಿ, ಉತ್ತಮ ವರ್ಗದ ಪ್ರಮಾಣಕ ಸಿಟಿಯೊಂದಿಗೆ ಹೋಲಿಸಿದರು. 15 ವಿಎ ಜೋಡಿಸಿದಾಗ ಪೂರ್ಣ ಕರೆಂಟಿನಲ್ಲಿ ವ್ಯತ್ಯಾಸ ಋಣ 0.35 ಇದ್ದು, ವರ್ಗದೊಳಗೇ ಇತ್ತು. ಅಲ್ಲಿದ್ದ ಕೇಬಲ್ಲಿನ 23 ವಿಎಯೊಂದಿಗೆ ಅದೇ ಸಿಟಿ ಪೂರ್ಣ ಕರೆಂಟಿನಲ್ಲಿ ಋಣ 0.65, ಶೇಕಡಾ 20ರಲ್ಲಿ ಋಣ 0.95 ತೋರಿಸಿತು, ಎರಡೂ ಮಿತಿಯ ಹೊರಗೆ. ಸಿಟಿ ಕೆಟ್ಟಿರಲಿಲ್ಲ. ಉದ್ದದ ತಂತಿಯಲ್ಲಿ ಕರೆಂಟನ್ನು ತಳ್ಳಲು ಅದು ಹೆಚ್ಚು ವೋಲ್ಟೇಜ್ ಹುಟ್ಟಿಸಬೇಕಾಗಿತ್ತು, ಅದಕ್ಕಾಗಿ ಕೋರ್ ತನ್ನನ್ನು ಕಾಂತೀಯಗೊಳಿಸಿಕೊಳ್ಳಲು ಹೆಚ್ಚು ಕರೆಂಟ್ ತೆಗೆದುಕೊಳ್ಳುತ್ತಿತ್ತು, ಅಷ್ಟು ಕರೆಂಟ್ ಮೀಟರಿಗೆ ತಲುಪುತ್ತಿರಲಿಲ್ಲ. ಆ ಫೀಡರಿನ ಲೋಡ್ ಸುಮಾರು 2,000 ಕಿಲೋವ್ಯಾಟ್ ಎಂದು ಹಿಡಿದರೆ ಶೇಕಡಾ 0.7ರ ಕೊರತೆ ದಿನಕ್ಕೆ 330 ಯೂನಿಟ್ಟಿನಷ್ಟಾಗುತ್ತದೆ. ಗಿರಣಿಯವರಿಗೆ ಇದನ್ನು ಹೇಳಿದಾಗ, “ಹಾಗಾದರೆ ಅದು ನಮ್ಮ ಪರವಾಗಿಯೇ ಇರುವ ದೋಷ” ಎಂದು ನಕ್ಕರು.

ಇಷ್ಟು ಕೇಳಿದ ಆಪರೇಟರ್, ಹಾಗಾದರೆ ಬರ್ಡನ್ ಕಡಿಮೆ ಇದ್ದಷ್ಟೂ ಒಳ್ಳೆಯದೆಂದು ಬರೆದುಬಿಡಿ ಎಂದರು. ಹಿರಿಯರು ‘ಅರ್ಧ’ ಎಂದದ್ದು ಇದಕ್ಕೇ. ಸಿಟಿಯ ವರ್ಗಕ್ಕೆ ಖಾತರಿ ಇರುವುದು ಫಲಕದ ಬರ್ಡನ್ನಿನ ಶೇಕಡಾ 25ರಿಂದ 100ರವರೆಗೆ. ತಯಾರಕರು ಪೂರ್ಣ ಬರ್ಡನ್ನಿನಲ್ಲಿ ಬೀಳುವ ಕೊರತೆಯನ್ನು ಸರಿದೂಗಿಸಲು ದ್ವಿತೀಯಕದಲ್ಲಿ ಒಂದಿಷ್ಟು ಸುತ್ತನ್ನು ಕಡಿಮೆ ಮಾಡುವುದುಂಟು. ಆಗ ಬರ್ಡನ್ ತೀರ ಇಳಿದರೆ ವ್ಯತ್ಯಾಸ ಧನದ ಕಡೆಗೆ ವಾಲುತ್ತದೆ, ಮೀಟರ್ ತುಸು ಹೆಚ್ಚು ಓದುತ್ತದೆ. ಇಂದಿನ ಎಲೆಕ್ಟ್ರಾನಿಕ್ ಮೀಟರುಗಳು ಫೇಸಿಗೆ 1 ವಿಎಗಿಂತಲೂ ಕಡಿಮೆ ತೆಗೆದುಕೊಳ್ಳುವುದರಿಂದ, ಅದೇ 15 ವಿಎ ಸಿಟಿಯ ಪಕ್ಕದಲ್ಲೇ ಮೀಟರ್ ಇಟ್ಟರೆ ಬರ್ಡನ್ 3.75 ವಿಎಯ ಕೆಳಮಿತಿಗಿಂತ ಕೆಳಗೆ ಬೀಳುತ್ತದೆ. ಜೊತೆಗೆ ಫೀಡರಿನಲ್ಲಿ ಶಾರ್ಟ್ ಸರ್ಕ್ಯೂಟ್ ಆದಾಗ ಕೋರ್ ಕಾಂತೀಯವಾಗಿ ಬೇಗನೆ ತುಂಬಿ ಮೀಟರನ್ನು ಕಾಪಾಡುವ ಗುಣವೂ ಕುಗ್ಗುತ್ತದೆ.

ಆ ಫೀಡರಿಗೆ ಏನು ಮಾಡಬೇಕು ಎಂಬಲ್ಲಿ ಒಮ್ಮತವಿಲ್ಲ. ಕೇಬಲ್ಲನ್ನು 4 ಚದರ ಮಿಲಿಮೀಟರಿಗೆ ಬದಲಿಸಿದರೆ ಮೀಟರೂ ಸೇರಿ 0.59 ಓಮ್ ಬಂದು ಕೂದಲೆಳೆಯಲ್ಲಿ ಮಿತಿಯೊಳಗೆ ನಿಲ್ಲುತ್ತದೆ. ಬಿಸಿಲಿಗೆ ತಂತಿ ಕಾದರೆ ಅದೂ ಮೀರುತ್ತದೆ. 1 ಆಂಪಿಯರ್ ದ್ವಿತೀಯಕದ ಸಿಟಿ ಹಾಕಿದರೆ ಅದೇ ಹಳೆಯ ಕೇಬಲ್ಲಿನಲ್ಲಿ ಬರ್ಡನ್ ಒಮ್ಮೆಲೇ 1 ವಿಎಯ ಆಸುಪಾಸಿಗೆ ಇಳಿಯುತ್ತದೆ. ಹಿರಿಯರ ಒಲವು ಕಡಿಮೆ ವಿಎಯ 1 ಆಂಪಿಯರ್ ಸಿಟಿಯ ಕಡೆಗಿದೆ. ಈಗಿನ ಸಿಬ್ಬಂದಿಗೆ ಸಿಟಿ ಬದಲಿಸಿದರೆ ಮೀಟರನ್ನೂ ಗುಣಕವನ್ನೂ ಬದಲಿಸಬೇಕಾದ ರಗಳೆ ಬೇಡವಾಗಿದೆ.

ಪದದ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೊಂದು ಮಾತು. “ಹೊರೆ ಇಳಿಸಿ”, “ಹೊರೆ ತೆಗೆಯಿರಿ” ಎಂಬ ಕ್ರಿಯಾಪದಗಳು ಆ ನಾಮಪದದ ಹಿಂದೆಯೇ ಬರುತ್ತವೆ. ಸೊಪ್ಪಿನ ಹೊರೆಯನ್ನು ತಲೆಯಿಂದ ಇಳಿಸಿದವನಿಗೆ ಹಗುರವಾಗುವ ಹಾಗೆ, ಮೀಟರಿನ ತಂತಿಯನ್ನು ಬಿಚ್ಚಿದರೆ ಸಿಟಿಗೆ ಹಗುರವಾಯಿತೆಂದು ಓದುಗ ತಿಳಿಯುತ್ತಾನೆ. ನಡೆಯುವುದು ತಿರುಗಾಮುರುಗ. ದ್ವಿತೀಯಕ ತೆರೆದುಕೊಂಡರೆ ಬರ್ಡನ್ ಅಪರಿಮಿತವಾಗುತ್ತದೆ; ಪ್ರಾಥಮಿಕದ ಕರೆಂಟೆಲ್ಲವೂ ಕೋರನ್ನು ಕಾಂತೀಯಗೊಳಿಸುವುದರಲ್ಲೇ ತೊಡಗಿ, ತೆರೆದ ತುದಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಏಳುತ್ತದೆ. ಬಿಚ್ಚುವ ಮೊದಲು ಟೆಸ್ಟ್ ಬ್ಲಾಕಿನ ಶಾರ್ಟಿಂಗ್ ಲಿಂಕ್ ಹಾಕಬೇಕು, ಮತ್ತು ಹಾಗೆ ಶಾರ್ಟ್ ಮಾಡಿದಾಗಲೇ ಬರ್ಡನ್ ಅತಿ ಕಡಿಮೆ. ಲೋಡ್ ಎಂಬ ಅರ್ಥದ ಹೊರೆಯನ್ನು ತೆಗೆಯುವುದೆಂದರೆ ತೆರೆಯುವುದು. ಬರ್ಡನ್ ಎಂಬ ಅರ್ಥದ ಹೊರೆಯನ್ನು ತೆಗೆಯುವುದೆಂದರೆ ಮುಚ್ಚುವುದು. ಒಂದೇ ಪದ ಎರಡನ್ನೂ ಹೇಳುವುದು ಕೈಪಿಡಿಗೆ ಅಪಾಯಕಾರಿ.

ಆದ್ದರಿಂದ ‘ಹೊರೆ’ಯನ್ನು ಲೋಡಿಗೇ ಮೀಸಲಿಟ್ಟು, ‘ಬರ್ಡನ್’ ಅನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಉಳಿಸಬೇಕೆಂದಿದ್ದೇನೆ. ಹಿರಿಯರು ಇದನ್ನು ಒಪ್ಪಿದರು. ಆಪರೇಟರಿಗೆ ಮಾತ್ರ ‘ದ್ವಿತೀಯಕದ ಭಾರ’ ಎಂಬುದು ಮೆಚ್ಚುಗೆ. ಆದರೆ ಭಾರವನ್ನೂ ಇಳಿಸಬಹುದಾದ್ದರಿಂದ ಅಲ್ಲಿಯೂ ಅದೇ ತೊಡಕು ಕಾಣುತ್ತದೆ. ವಿಎ ಲೆಕ್ಕವನ್ನೂ ಓಮ್ ಲೆಕ್ಕವನ್ನೂ ಹೊಂದಿಸಿಕೊಳ್ಳುವ, ‘ಇಳಿಸು’, ‘ತೆಗೆ’ ಎಂಬ ಕ್ರಿಯಾಪದಗಳನ್ನು ತಾನಾಗಿ ಎಳೆದು ತರದಿರುವ ಕನ್ನಡ ಪದವೊಂದು ನಿಮ್ಮ ಕಡೆಯ ಸ್ಟೇಷನ್‌ಗಳಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ‘ಅನುಪಾತ ವ್ಯತ್ಯಾಸ’ಕ್ಕೆ ಋಣ, ಧನ ಎಂಬ ಗುರುತುಗಳು ಸಾಕೇ, ಅಥವಾ ‘ಕೊರತೆ’, ‘ಹೆಚ್ಚಳ’ ಎಂದು ಬಿಡಿಸಿಯೇ ಬರೆಯಬೇಕೇ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.