9% ಫ್ಲ್ಯಾಟ್ ಅಂದರೆ ನಿಜಕ್ಕೂ ಎಷ್ಟು? ಪ್ರಶ್ನೋತ್ತರ

ಮೀನು ವ್ಯಾಪಾರಿ, ಕಾರವಾರ: ಮೇಡಂ, ಬೈತಖೋಲದಿಂದ ಮೀನು ಸಾಗಿಸೋಕೆ ಹಳೇ ಪಿಕಪ್ ನೋಡಿದ್ದೇನೆ. 3 ಲಕ್ಷ ಸಾಲ ಬೇಕು, 36 ತಿಂಗಳಿಗೆ. ಫೈನಾನ್ಸ್‌ನವರು 9% ಫ್ಲ್ಯಾಟ್ ಅಂತಾರೆ. ಬ್ಯಾಂಕಿನಲ್ಲಿ 12.5% ರೆಡ್ಯೂಸಿಂಗ್. 9 ಕಡಿಮೆ ಅಲ್ವಾ? ಫೈನಾನ್ಸ್‌ಗೇ ಹೋಗಲಾ?

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಇನ್ನೂ ಸಹಿ ಹಾಕಬೇಡಿ. ಫ್ಲ್ಯಾಟ್ ಅಂದರೆ ಕೊನೇ ತನಕ ಪೂರ್ತಿ ಸಾಲದ ಮೇಲೆ ಬಡ್ಡಿ, ರೆಡ್ಯೂಸಿಂಗ್ ಅಂದರೆ ಉಳಿದ ಬಾಕಿಯ ಮೇಲೆ ಮಾತ್ರ. ಎರಡೂ ಕಡೆ ತಿಂಗಳ ಕಂತು ಎಷ್ಟು ಅಂತ ಕೇಳಿ. 3 ಲಕ್ಷಕ್ಕೆ 12.5% ರೆಡ್ಯೂಸಿಂಗ್ ಆದರೆ ಕಂತು 10,036 ರೂಪಾಯಿ. ಫೈನಾನ್ಸ್‌ನವರದ್ದು 10,584 ಬರಬೇಕು. ಸಾಲ ಅಷ್ಟೇ, ತಿಂಗಳೂ ಅಷ್ಟೇ. ಆದರೂ '9%'ನವರ ಕಂತು 548 ರೂಪಾಯಿ ಜಾಸ್ತಿ. 36 ತಿಂಗಳಿಗೆ 19,728 ರೂಪಾಯಿ ಆಯ್ತು.

ಇನ್ನೊಂದು ಮಾತು. ಗಾಡಿಯವನಿಗೆ ಕೊಡೋಕೆ ಫೈನಾನ್ಸ್‌ನಿಂದ ನಿಮ್ಮ ಕೈಗೆ ಬರುವ ದುಡ್ಡು ಎಷ್ಟು? ಪೂರಾ 3 ಲಕ್ಷನಾ?

ಮೀನು ವ್ಯಾಪಾರಿ, ಕಾರವಾರ: ಕಂತು 10,584 ಅಂತಲೇ ಹೇಳಿದ್ದು! ಪೂರಾ 3 ಲಕ್ಷ ಬರೋದಿಲ್ಲ ಮೇಡಂ. ಫೈಲ್ ಚಾರ್ಜ್ 4,000, ಸಾಲದ ಮೇಲೆ ವಿಮೆ ಅಂತ 5,000 ಮುರಿದುಕೊಳ್ತಾರೆ. ಮೊದಲ ಕಂತನ್ನೂ ಅಡ್ವಾನ್ಸ್ ಅಂತ ಆವತ್ತೇ ಹಿಡಿದುಕೊಳ್ತಾರೆ. ಕೈಗೆ 2,80,416.

ಅಡಿಕೆ ಬೆಳೆಗಾರ, ಸಿದ್ದಾಪುರ: ಮೇಡಂ, ನಾನು ಸೊಸೈಟಿಯಲ್ಲಿ ಬಂಗಾರ ಇಟ್ಟು ಸಾಲ ತಗೊಂಡಿದ್ದೇನೆ. ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿ. ಕೊಯ್ಲು ಮುಗಿದ ಮೇಲೆ ಒಟ್ಟಿಗೇ ಕಟ್ಟಿ ಬಿಡಿಸಿಕೊಳ್ತೇನೆ. ಇದೂ ಫ್ಲ್ಯಾಟಾ? ನನಗೂ ಮೋಸ ಆಗಿದೆಯಾ?

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಇಲ್ಲ. ನೀವು ಅಸಲನ್ನು ನಡುವೆ ಮುಟ್ಟೋದೇ ಇಲ್ಲ. ಕೊನೆಯ ದಿನದವರೆಗೂ ಪೂರ್ತಿ ಅಸಲು ನಿಮ್ಮ ಹತ್ತಿರವೇ ಇರುತ್ತೆ. ಹಾಗಾಗಿ ಪೂರ್ತಿ ಅಸಲಿನ ಮೇಲೆ ಬಡ್ಡಿ ಹಾಕೋದು ಸರಿ. ಕಂತಿನ ಸಾಲಕ್ಕೆ ಮಾತ್ರ ಈ ತೊಂದರೆ.

ಕಾರವಾರದವರೇ, ನಿಮ್ಮ ಲೆಕ್ಕ ನೋಡಿ ನನಗೆ ಚಿಂತೆ ಆಯ್ತು. ಸ್ವಲ್ಪ ಉದ್ದ ಬರೀತೇನೆ, ಪೂರ್ತಿ ಓದಿ.

ಫೈನಾನ್ಸ್‌ನವರು ಮಾಡಿದ್ದು ಇಷ್ಟು. 3 ಲಕ್ಷಕ್ಕೆ 9%ರಂತೆ ವರ್ಷಕ್ಕೆ 27,000. ಮೂರು ವರ್ಷಕ್ಕೆ 81,000. ಅಸಲು ಸೇರಿಸಿ 3,81,000. ಅದನ್ನು 36ರಿಂದ ಭಾಗಿಸಿದರು. ಈ ಲೆಕ್ಕದಲ್ಲಿ ಪ್ರತಿ ತಿಂಗಳ ಕಂತಿನಲ್ಲಿ ಸುಮಾರು 8,333 ಅಸಲು, 2,250 ಬಡ್ಡಿ. ಈಗ ಕೊನೆಯ ತಿಂಗಳು ನೋಡಿ. ಆಗ ನೀವು ಕೊಡಬೇಕಾದ ಅಸಲು ಬರೀ 8,333. ಅದಕ್ಕೂ 2,250 ಬಡ್ಡಿ ಕಟ್ಟುತ್ತೀರಿ. ತೀರಿಸಿದ ದುಡ್ಡಿಗೂ ಕೊನೇ ತನಕ ಬಡ್ಡಿ ಕಟ್ಟೋದು ಅಂದರೆ ಇದೇ.

ನಿಜವಾದ ದರ ತಿಳಿಯೋಕೆ ಮೊಬೈಲ್‌ನಲ್ಲಿ ಯಾವುದಾದರೂ ಸ್ಪ್ರೆಡ್‌ಶೀಟ್ ತೆರೆದು ಒಂದು ಚೌಕದಲ್ಲಿ ಹೀಗೆ ಹಾಕಿ. ಮೊದಲು ಕಂತುಗಳ ಸಂಖ್ಯೆ, ಆಮೇಲೆ ಮೈನಸ್ ಹಾಕಿ ಕಂತು, ಆಮೇಲೆ ಸಾಲ.

```
=RATE(36,-10584,300000)*12
```

16.25% ಬರುತ್ತೆ. ಬ್ಯಾಂಕಿನ 12.5ರ ಪಕ್ಕ ಇಡಬೇಕಾದ ಸಂಖ್ಯೆ ಇದು, 9 ಅಲ್ಲ. ಮೈನಸ್ ಮರೆತರೆ ಉತ್ತರದ ಬದಲು ಎರರ್ ಬರುತ್ತೆ. 12ರಿಂದ ಗುಣಿಸೋದು ಮರೆತರೆ ತಿಂಗಳ ದರ, ಅಂದರೆ 1.35%, ಕಾಣಿಸುತ್ತೆ. ಅದನ್ನು ವರ್ಷದ್ದು ಅಂದುಕೊಳ್ಳಬೇಡಿ. ಬರೀ 16% ಅಂತ ತೋರಿಸಿದರೆ ದಶಾಂಶದ ಅಂಕಿ ಹೆಚ್ಚಿಸಿ ನೋಡಿ.

ಆದರೆ ನಿಮಗೆ 3 ಲಕ್ಷ ಸಿಗ್ತಾನೇ ಇಲ್ಲ. 9,000 ಮುರಿದ ಮೇಲೆ 2,91,000 ಅಂತ ಹಾಕಿದರೆ ದರ 18.4ಕ್ಕೆ ಹೋಗುತ್ತೆ. ಮೊದಲ ಕಂತು ಆವತ್ತೇ ಹೋದರೆ ಕೈಗೆ ಬಂದದ್ದು 2,80,416, ಉಳಿದ ಕಂತು 35.

```
=RATE(35,-10584,280416)*12
```

19.6%. ನಿಮಗೆ ಹೇಳಿದ್ದು 9.

ಬ್ಯಾಂಕಿನಲ್ಲೂ ಪ್ರೊಸೆಸಿಂಗ್ ಫೀ ಇರುತ್ತೆ. ಅದನ್ನೂ ಹೀಗೇ ಸಾಲದಿಂದ ಕಳೆದು ಹಾಕಿ. ಒಂದು ಕಡೆ ಕಳೆದು ಇನ್ನೊಂದು ಕಡೆ ಬಿಟ್ಟರೆ ಹೋಲಿಕೆ ಸುಳ್ಳಾಗುತ್ತೆ.

ನಿವೃತ್ತ ಮೇಷ್ಟ್ರು, ಅಂಕೋಲಾ: ಇಷ್ಟೆಲ್ಲ ಯಾಕೆ? ಇದು ನನಗೆ ಬಂದ ಮೆಸೇಜ್: "ಫ್ಲ್ಯಾಟ್ ಬಡ್ಡಿಯನ್ನು ಡಬಲ್ ಮಾಡಿ, ಅದೇ ನಿಜವಾದ ಬಡ್ಡಿ. ಎಲ್ಲರಿಗೂ ಕಳಿಸಿ, ಮೋಸದಿಂದ ಉಳಿಸಿ." ಸುಲಭ ಅಲ್ವಾ?

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಮೇಷ್ಟ್ರೇ, ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. 9ಕ್ಕೆ ಡಬಲ್ 18. ಫೀ ಇಲ್ಲದ 3 ವರ್ಷದ ಸಾಲಕ್ಕೆ ನಿಜವಾದದ್ದು 16.25. ಪಕ್ಕದ ಅಂಗಡಿಯವನು 17% ರೆಡ್ಯೂಸಿಂಗ್ ಅಂದರೆ, ನಿಮ್ಮ ಮೆಸೇಜ್ ನಂಬಿದವನು 17 ಕಡಿಮೆ ಅಂತ ಅಲ್ಲಿಗೆ ಹೋಗ್ತಾನೆ. ಜಾಸ್ತಿ ಕಟ್ಟುತ್ತಾನೆ. ದರ ಏರಿದಷ್ಟೂ ಡಬಲ್ ಲೆಕ್ಕ ಇನ್ನೂ ತಪ್ಪುತ್ತೆ. 18% ಫ್ಲ್ಯಾಟ್, 3 ವರ್ಷ ಅಂದರೆ ನಿಜವಾದದ್ದು 30.6, 36 ಅಲ್ಲ. ಅವಧಿ ಬದಲಾದರೂ ತಪ್ಪುತ್ತೆ. 9% ಫ್ಲ್ಯಾಟ್ 5 ವರ್ಷಕ್ಕೆ 15.7. ಇನ್ನು ಫೀ, ಅಡ್ವಾನ್ಸ್ ಕಂತು ಡಬಲ್ ಮಾಡೋದರಲ್ಲಿ ಎಲ್ಲೂ ಇಲ್ಲ.

ನಿವೃತ್ತ ಮೇಷ್ಟ್ರು, ಅಂಕೋಲಾ: ಸರಿ, ಡಬಲ್ ಬಿಡಿ. ಕಂತಿನ ಸಂಖ್ಯೆಯ ಎರಡರಷ್ಟನ್ನು, ಕಂತಿಗೆ ಒಂದು ಕೂಡಿಸಿ ಭಾಗಿಸಿ, ಅದರಿಂದ ಫ್ಲ್ಯಾಟ್ ದರವನ್ನು ಗುಣಿಸಬೇಕು. 72 ಭಾಗಿಸು 37, ಗುಣಿಸು 9. 17.5 ಬಂತು. ಇದು ಗಣಿತ, ಮೆಸೇಜ್ ಅಲ್ಲ.

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಇದು ಡಬಲ್‌ಗಿಂತ ವಾಸಿ. ಅಸಲು ಪ್ರತಿ ತಿಂಗಳೂ ಒಂದೇ ಅಳತೆಯಲ್ಲಿ ಇಳಿಯುತ್ತೆ ಅಂತ ಹಿಡಿದ ಲೆಕ್ಕ ಅದು. ಸಮ ಕಂತಿನಲ್ಲಿ ಹಾಗಾಗಲ್ಲ. ಮೊದಲು ಬಡ್ಡಿ ಜಾಸ್ತಿ ಹೋಗುತ್ತೆ, ಅಸಲು ನಿಧಾನಕ್ಕೆ ಇಳಿಯುತ್ತೆ. ಅದಕ್ಕೇ 17.5 ಬಂತು, 16.25 ಬರಲಿಲ್ಲ. ಅಂದಾಜಿಗೆ ಇಟ್ಟುಕೊಳ್ಳಿ. ಸಹಿ ಹಾಕೋ ಮುಂಚೆ RATE ಹಾಕಿ.

ಫೈನಾನ್ಸ್ ಏಜೆಂಟ್, ಕುಮಟಾ: ಎಲ್ಲರೂ ನಮ್ಮನ್ನು ಕಳ್ಳರು ಅನ್ನೋ ಹಾಗೆ ಮಾತಾಡ್ತೀರಿ. ಕಂತು ಎಷ್ಟು ಅಂತ ನಾವು ಮುಚ್ಚಿಡಲ್ಲ. ಹಳೇ ಗಾಡಿಗೆ ಬ್ಯಾಂಕಿನವರು ಸಾಲ ಕೊಡ್ತಾರಾ? ಆ ಪೇಪರ್, ಈ ಪೇಪರ್ ಅಂತ ತಿಂಗಳುಗಟ್ಟಲೆ ಅಲೆಸ್ತಾರೆ. ಆಗಸ್ಟ್‌ಗೆ ಬೋಟ್ ಇಳೀತಾವೆ. ಅಷ್ಟರಲ್ಲಿ ಗಾಡಿ ಇಲ್ಲದಿದ್ದರೆ ಅವರ ವ್ಯಾಪಾರ ಹೋಗುತ್ತೆ. ಆ ನಷ್ಟ ನಿಮ್ಮ ಶೀಟಿನಲ್ಲಿ ಬರುತ್ತಾ?

ನಿವೃತ್ತ ಮೇಷ್ಟ್ರು, ಅಂಕೋಲಾ: ಕಂತು ಹೇಳ್ತೀರಿ ಮಾರಾಯ್ರೇ, ಬೋರ್ಡಿನಲ್ಲಿ ಮಾತ್ರ 9 ಅಂತ ದೊಡ್ಡದಾಗಿ ಬರೀತೀರಿ. 16 ಅಂತ ಬರೀರಿ ನೋಡೋಣ.

ಫೈನಾನ್ಸ್ ಏಜೆಂಟ್, ಕುಮಟಾ: ಮೇಷ್ಟ್ರೇ, ಪೆನ್ಶನ್ ಬರೋರಿಗೆ ಇದೆಲ್ಲ ಅರ್ಥ ಆಗಲ್ಲ. ಎರಡು ಕಂತು ತಪ್ಪಿದವನ ಮನೆ ಮುಂದೆ ಬಿಸಿಲಲ್ಲಿ ನಿಲ್ಲೋನು ನಾನು.

ನಿವೃತ್ತ ಮೇಷ್ಟ್ರು, ಅಂಕೋಲಾ: ಪೆನ್ಶನ್ ವಿಷಯ ಯಾಕೆ ಬಂತು? ನಾನೂ ಮಗನ ಬೈಕ್ ಸಾಲಕ್ಕೆ ಜಾಮೀನು ನಿಂತು ಕಟ್ಟಿದವನೇ.

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಬ್ಯಾಂಕ್ ಅಲೆಸುತ್ತೆ ಅನ್ನೋದನ್ನು ನಾನು ಅಲ್ಲಗಳೆಯಲ್ಲ. ಹಳೇ ಗಾಡಿಯ ಸಾಲದಲ್ಲಿ ಅಪಾಯ ಜಾಸ್ತಿ, ಅದಕ್ಕೆ ದರವೂ ಜಾಸ್ತಿ ಇರಬಹುದು. ಅದನ್ನು 16 ಅಂತಲೇ ಹೇಳಲಿ, ಆಗ ತಗೊಳ್ಳೋನು ತಿಳಿದು ತಗೊಳ್ತಾನೆ.

ಅಡ್ವಾನ್ಸ್ ಕಂತಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಕಂತನ್ನು ಮುಂಗಡ ಹಿಡಿದುಕೊಂಡು ಬಡ್ಡಿಯನ್ನು ಪೂರ್ತಿ ಸಾಲದ ಮೇಲೆ ಹಾಕೋದು ನ್ಯಾಯವಲ್ಲ ಅಂತ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲೇ ಹೇಳಿದೆ. ಕಾರವಾರದವರೇ, ಈ ತಾರೀಖು ಬರೆದುಕೊಂಡು ಹೋಗಿ ಕೇಳಿ.

ಜೊತೆಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೇಳಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕ್, ಫೈನಾನ್ಸ್ ಕಂಪನಿ ಎಲ್ಲರೂ ಇಂಥ ಹೊಸ ಸಾಲಕ್ಕೆ ಇದನ್ನು ಕೊಡಲೇಬೇಕು, ನಿಮಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತೆ. ಸಾಲದ ಜೊತೆ ವಸೂಲಿ ಮಾಡುವ ಫೀ, ವಿಮೆ ಎಲ್ಲ ಸೇರಿದ ವರ್ಷದ ದರ ಅದು. ಅಲ್ಲಿ 9 ಅಂತ ಇದ್ದರೆ ಆ ಹಾಳೆ ತಪ್ಪು.

ಹೊಲಿಗೆ ಅಂಗಡಿ, ಶಿರಸಿ: ನಮ್ಮ ಸೌಹಾರ್ದ ಸೊಸೈಟಿಯಲ್ಲಿ ಕೇಳಿದೆ. ಅಂಥ ಹಾಳೆ ನಮಗೆ ಗೊತ್ತಿಲ್ಲ ಅಂದರು.

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಪತ್ತಿನ ಸೊಸೈಟಿಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರಲ್ಲ, ಆ ನಿಯಮ ಅವರಿಗೆ ಇಲ್ಲ. ತಿಂಗಳು ತಿಂಗಳ ಅಸಲು, ಬಡ್ಡಿ, ಬಾಕಿ ಬರೆದ ಕಂತಿನ ಪಟ್ಟಿ ಕೇಳಿ. ಬಡ್ಡಿಯ ಕಾಲಂನಲ್ಲಿ ಮೊದಲಿಂದ ಕೊನೇವರೆಗೂ ಒಂದೇ ಸಂಖ್ಯೆ ಇದ್ದರೆ ಅದು ಫ್ಲ್ಯಾಟ್.

ಸದಸ್ಯರು, ಹೊನ್ನಾವರ: ಮೇಡಂ, ಬೈಕ್‌ಗೆ 9% ಫ್ಲ್ಯಾಟ್ ಅಂತಾರೆ. ಬ್ಯಾಂಕಿನ 12ಕ್ಕಿಂತ ಕಡಿಮೆ ಅಲ್ವಾ?

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಅಲ್ಲ. ಮೇಲೆ ಬರೆದಿದ್ದೇನೆ, ಓದಿ.

ಸದಸ್ಯರು, ಭಟ್ಕಳ: 10% ಫ್ಲ್ಯಾಟ್ ಆದರೆ?

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಕಂತು, ತಿಂಗಳು, ಕೈಗೆ ಬಂದ ದುಡ್ಡು. ಮೂರೂ ಹಾಕಿ ನೀವೇ ನೋಡಿ.

ಸದಸ್ಯರು, ಯಲ್ಲಾಪುರ: ಚೀಟಿ ಎತ್ತಿದರೆ ಎಷ್ಟು ಪರ್ಸೆಂಟ್ ಬೀಳುತ್ತೆ ಅಂತ ಹೀಗೇ ಲೆಕ್ಕ ಹಾಕಬಹುದಾ?

ಸದಸ್ಯರು, ಹೊನ್ನಾವರ: ಡಬಲ್ ಮಾಡಿದರೆ 18 ಬರುತ್ತೆ. ಹಾಗಾದರೆ 18 ಅಂತ ಇಟ್ಟುಕೊಳ್ಳಲಾ?

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಡಬಲ್ ಮಾಡಬೇಡಿ ಅಂತ ಎಷ್ಟು ಸಲ ಬರೆಯಲಿ? ಆ ಮೆಸೇಜ್ ಅಳಿಸಿ.

ನಿವೃತ್ತ ಮೇಷ್ಟ್ರು, ಅಂಕೋಲಾ: ಅಳಿಸಿದೆ. ಆದರೆ ಕೇಳೋರ ಮೇಲೆ ಸಿಟ್ಟು ಮಾಡೋದು ಸರಿಯಲ್ಲ ಮೇಡಂ. ಎಲ್ಲರ ಹತ್ತಿರ ಸ್ಪ್ರೆಡ್‌ಶೀಟ್ ಇರಲ್ಲ.

ಫೈನಾನ್ಸ್ ಏಜೆಂಟ್, ಕುಮಟಾ: ಈಗಲಾದರೂ ಮೇಷ್ಟ್ರು ಒಂದು ಸರಿ ಮಾತು ಹೇಳಿದರು.

ನಿವೃತ್ತ ಮೇಷ್ಟ್ರು, ಅಂಕೋಲಾ: ನಿಮ್ಮ ಸರ್ಟಿಫಿಕೇಟ್ ನನಗೆ ಬೇಡ.

ಮೀನು ವ್ಯಾಪಾರಿ, ಕಾರವಾರ: ಮೇಡಂ, ಇವತ್ತು ಹೋಗಿದ್ದೆ. ತಾರೀಖು ಹೇಳಿದ ಮೇಲೆ ಮ್ಯಾನೇಜರ್ ಒಳಗೆ ಹೋಗಿ ಫೋನ್ ಮಾಡಿ ಬಂದರು. ಅಡ್ವಾನ್ಸ್ ಕಂತು ಬೇಡ ಅಂದರು. 9,000 ಮಾತ್ರ ಬಿಡಲ್ಲವಂತೆ. 36, 10584, 291000 ಹಾಕಿ ನೋಡಿದೆ, 18.4 ಬಂತು. ಬ್ಯಾಂಕಿನವರು ಗಾಡಿಯ ವ್ಯಾಲ್ಯುಯೇಶನ್ ಮಾಡಿಸಿ ತನ್ನಿ ಅಂದಿದ್ದಾರೆ. ಎರಡು ವಾರ ಆಗಬಹುದಂತೆ.

ನಿವೃತ್ತ ಸಾಲ ಅಧಿಕಾರಿ, ಶಿರಸಿ: ಒಳ್ಳೇದಾಯ್ತು. ವಿಮೆಯ 5,000 ಇನ್ನೊಮ್ಮೆ ಕೇಳಿ. ಅದು ಗಾಡಿಯ ವಿಮೆಯಾ, ನಿಮ್ಮ ಜೀವದ ಮೇಲಿನದಾ? ಗಾಡಿಯದ್ದಾದರೆ ಬ್ಯಾಂಕಿಗೆ ಹೋದರೂ ಆ ಖರ್ಚು ತಪ್ಪಲ್ಲ, ಅದನ್ನು ಎರಡೂ ಕಡೆಯ ಲೆಕ್ಕದಿಂದ ಬಿಡಿ. ಜೀವದ್ದಾದರೆ ಕಡ್ಡಾಯ ಅಂತ ಬರೆದುಕೊಡಿ ಅನ್ನಿ.

ಇನ್ನೊಂದು. ಜೂನ್, ಜುಲೈ ಬೋಟ್ ನಿಂತಿದ್ದರೂ ಕಂತು ನಿಲ್ಲಲ್ಲ. ಆ ಎರಡು ತಿಂಗಳ ದುಡ್ಡು ಮೇ ಒಳಗೆ ಬೇರೆ ಇಡೋಕೆ ಆಗುತ್ತಾ ನೋಡಿಕೊಳ್ಳಿ.

ಮೀನು ವ್ಯಾಪಾರಿ, ಕಾರವಾರ: ಜೀವದ್ದೇ ಇರಬೇಕು ಮೇಡಂ, ನನ್ನ ವಯಸ್ಸು ಕೇಳಿದ್ದರು. ನಾಳೆ ಹೋಗಿ ಕೇಳ್ತೇನೆ.